ಗಡಿಗೆ ನೀರು ಯಾಕೆ ತಣ್ಣಗಿರುತ್ತದೆ: ಪ್ರತಿಪಾದನೆ ಮತ್ತು ಕಾರಣದ ಪ್ರಶ್ನೆ ಬಿಡಿಸುವ ಬಗೆ

ಪ್ರಶ್ನೆ: ಸರ್, ನಾನು ಸಿಂಧನೂರಿನವಳು. ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಾ ಇದ್ದೀನಿ. ಪ್ರತಿಪಾದನೆ ಮತ್ತು ಕಾರಣದ ಪ್ರಶ್ನೆ ಬಂದಾಗ ಎರಡೂ ವಾಕ್ಯ ಸರಿ ಅನ್ನೋದು ಗೊತ್ತಾಗುತ್ತೆ. ಆದರೆ ಕಾರಣ ಸರಿಯಾದ ವಿವರಣೆ ಹೌದೋ ಅಲ್ವೋ ಅನ್ನೋದರಲ್ಲೇ ಪ್ರತಿ ಸಲ ತಪ್ಪಾಗುತ್ತೆ. ನಡುವೆ ‘ಏಕೆಂದರೆ’ ಹಾಕಿ ಓದು ಅಂತ ಹೇಳಿಕೊಟ್ಟಿದ್ದಾರೆ. ನಾನು ಹಾಕಿ ಓದಿದರೆ ಎಲ್ಲವೂ ಸರಿ ಅನಿಸುತ್ತೆ. ಏನು ಮಾಡಲಿ?

ಉತ್ತರ: ‘ಏಕೆಂದರೆ’ ಹಾಕಿ ಓದುವುದು ಕೆಟ್ಟ ಉಪಾಯವೇನಲ್ಲ. ಆದರೆ ನಮ್ಮ ಮಾತಿನಲ್ಲಿ ಆ ಪದ ಎರಡು ಕೆಲಸ ಮಾಡುತ್ತದೆ. ಅಲ್ಲೇ ನೀವು ಜಾರುತ್ತಿರುವುದು.

ಬೆಳಿಗ್ಗೆ ಬಾಗಿಲು ತೆಗೆದು, ‘ರಾತ್ರಿ ಮಳೆ ಬಂದಿದೆ, ಏಕೆಂದರೆ ಅಂಗಳ ಒದ್ದೆಯಾಗಿದೆ’ ಅಂತೀವಿ. ಇದರಲ್ಲಿ ತಪ್ಪೇನೂ ಇಲ್ಲ, ದಿನಾ ಆಡುವ ಮಾತು. ‘ಅಂಗಳ ಒದ್ದೆಯಾಗಿದೆ, ಏಕೆಂದರೆ ರಾತ್ರಿ ಮಳೆ ಬಂದಿದೆ’ ಅಂದರೂ ಸರಿಯೇ. ಎರಡೂ ಕಿವಿಗೆ ಹಿತವಾಗೇ ಇವೆ. ಆದರೆ ಮೊದಲನೆಯದರಲ್ಲಿ ಅಂಗಳ ಮಳೆಗೆ ಗುರುತು. ನನಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಅದು ಹೇಳುತ್ತದೆ. ಎರಡನೆಯದರಲ್ಲಿ ಮಳೆ ಅಂಗಳಕ್ಕೆ ಕಾರಣ. ಪರೀಕ್ಷೆ ಕೇಳುವುದು ಎರಡನೆಯ ಥರದ್ದನ್ನು. ನಮ್ಮ ‘ಏಕೆಂದರೆ’ ಎರಡಕ್ಕೂ ಬಾಗಿಲು ತೆಗೆಯುತ್ತದೆ.

ಅದಕ್ಕೆ ವಾಕ್ಯಗಳನ್ನು ಅದಲುಬದಲು ಮಾಡಿ. ಕಾರಣವನ್ನು ಮುಂದೆ ಇಟ್ಟು, ಅದಕ್ಕೆ ‘ದ್ದರಿಂದ’ ಅಂಟಿಸಿ ಓದಿ. ‘ಮಳೆ ಬಂದದ್ದರಿಂದ ಅಂಗಳ ಒದ್ದೆಯಾಯಿತು.’ ಸರಿ. ‘ಅಂಗಳ ಒದ್ದೆಯಾದದ್ದರಿಂದ ಮಳೆ ಬಂತು.’ ನಗು ಬರುತ್ತದೆ, ಅಲ್ವಾ? ಅದನ್ನು ಸರಿ ಮಾಡಬೇಕಂದರೆ ‘ಮಳೆ ಬಂದಿರಬೇಕು’ ಅನ್ನಬೇಕಾಗುತ್ತದೆ. ಆ ‘ಇರಬೇಕು’ ಬಾಯಿಗೆ ಬಂತು ಅಂದರೆ ನಿಮ್ಮ ಕೈಯಲ್ಲಿರುವುದು ಕಾರಣ ಅಲ್ಲ, ಗುರುತು ಅಂತ ತಿಳಿಯಿರಿ.

ಒಂದು ಪ್ರಶ್ನೆಗೆ ಹಾಕಿ ನೋಡೋಣ. ಪ್ರತಿಪಾದನೆ: ಎರೆ ಮಣ್ಣು ಒಣಗಿದಾಗ ಕುಗ್ಗುತ್ತದೆ. ಕಾರಣ: ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಆಳವಾದ ಬಿರುಕು ಬೀಳುತ್ತವೆ. ಎರಡೂ ನಿಜ. ನಿಮ್ಮ ಕಡೆ ಹೊಲದಲ್ಲಿ ಕಾಲಿಟ್ಟವರಿಗೆ ಹೇಳಿಕೊಡಬೇಕಾಗಿಲ್ಲ. ‘ಏಕೆಂದರೆ’ ಹಾಕಿದರೂ ಚೆನ್ನಾಗೇ ಓದಿಸಿಕೊಂಡು ಹೋಗುತ್ತದೆ. ಈಗ ತಿರುಗಿಸಿ: ‘ಬಿರುಕು ಬಿದ್ದದ್ದರಿಂದ ಮಣ್ಣು ಕುಗ್ಗಿತು.’ ಕೂಡುವುದಿಲ್ಲ. ಮಣ್ಣು ಕುಗ್ಗಿದ್ದಕ್ಕೇ ಬಿರುಕು ಬಿತ್ತು. ಇಲ್ಲಿ ಬಿರುಕು ಪರಿಣಾಮ. ಹಾಗಾಗಿ ಎರಡೂ ಸರಿ, ಆದರೆ ಕಾರಣ ಸರಿಯಾದ ವಿವರಣೆ ಅಲ್ಲ. ಎರೆ ಮಣ್ಣಿನ ಜಿಗುಟು ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ನೀರು ಹೋದಾಗ ಕುಗ್ಗುತ್ತವೆ ಅಂತ ಕೊಟ್ಟಿದ್ದರೆ ಅದು ವಿವರಣೆ ಆಗುತ್ತಿತ್ತು.

ಇದು ತಲೆಕೆಳಗಾದ ಕಾರಣದ ಕಥೆ. ಇದನ್ನು ಹಿಡಿಯುವುದು ಸುಲಭ. ಕಷ್ಟ ಕೊಡುವುದು ಇನ್ನೊಂದು ಜಾತಿಯದು. ಕಾರಣ ನಿಜ, ವಿಷಯವೂ ಅದೇ, ದಿಕ್ಕೂ ಸರಿ ಇದ್ದ ಹಾಗೆ ಕಾಣುತ್ತದೆ. ಆದರೂ ಅದು ವಿವರಣೆ ಅಲ್ಲ, ಬರೀ ಜೊತೆಗೆ ಬಂದ ನೆಂಟ. ಇದಕ್ಕೆ ನಾನು ತರಗತಿಯಲ್ಲಿ ವರ್ಷಾನುಗಟ್ಟಲೆ ಒಂದೇ ಉದಾಹರಣೆ ಬಳಸುತ್ತಾ ಬಂದಿದ್ದೇನೆ. ಅದು ನಮ್ಮ ಕೋಣೆಯ ಕಿಟಕಿಯಲ್ಲೇ ಇರುತ್ತದೆ. ಮಣ್ಣಿನ ಗಡಿಗೆ.

ಪ್ರತಿಪಾದನೆ: ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ. ಕಾರಣ: ಸುಟ್ಟ ಮಣ್ಣು ಶಾಖವನ್ನು ಸುಲಭವಾಗಿ ಹಾಯಲು ಬಿಡುವುದಿಲ್ಲ.

ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಗಳು ಮೊದಲ ಆಯ್ಕೆಗೆ ಏಳುತ್ತವೆ. ಎರಡೂ ಸರಿ, ವಿವರಣೆಯೂ ಸರಿ ಅಂತ. ಅವರ ಲೆಕ್ಕ ಹೀಗೆ: ಹೊರಗೆ ರಾಯಚೂರಿನ ಏಪ್ರಿಲ್ ಬಿಸಿಲು, ಮಣ್ಣು ಆ ಶಾಖವನ್ನು ಒಳಗೆ ಬಿಡುವುದಿಲ್ಲ, ಅದಕ್ಕೆ ನೀರು ತಣ್ಣಗೆ. ಕೇಳಲು ಚೆನ್ನಾಗಿದೆ. ‘ದ್ದರಿಂದ’ ಹಾಕಿದರೂ ಕೂಡುತ್ತದೆ. ಅಂದರೆ ನಾನು ಮೇಲೆ ಹೇಳಿದ ಉಪಾಯ ಇಲ್ಲಿ ಸೋಲುತ್ತದೆ. ದಿಕ್ಕು ಸರಿ ಇದೆಯೋ ಇಲ್ಲವೋ ಅಷ್ಟನ್ನೇ ಅದು ಹೇಳಬಲ್ಲದು.

ಈಗ ಬೇರೆ ಪ್ರಶ್ನೆ ಕೇಳಬೇಕು. ಈ ಕಾರಣ ಇದ್ದೂ ಆ ಫಲ ಇಲ್ಲದ ಜಾಗ ಎಲ್ಲಾದರೂ ಇದೆಯಾ? ಇದೆ. ಚಹಾ ಒಯ್ಯುವ ಥರ್ಮಾಸ್ ಫ್ಲಾಸ್ಕ್. ಅದು ಶಾಖವನ್ನು ಮಣ್ಣಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಅದರೊಳಗೆ ನಲ್ಲಿ ನೀರು ಹಾಕಿ ಸಂಜೆವರೆಗೆ ಇಡಿ. ತಣ್ಣಗಾಗುತ್ತದಾ? ಇಲ್ಲ. ಹಾಕಿದ ಹಾಗೇ ಇರುತ್ತದೆ. ಶಾಖ ತಡೆಯುವ ವಸ್ತು ಇದ್ದದ್ದನ್ನು ಇದ್ದ ಹಾಗೆ ಕಾಯುತ್ತದೆ, ಅಷ್ಟೇ. ಬೆಚ್ಚಗಿದ್ದದ್ದನ್ನು ಕೆಳಗಿಳಿಸುವ ಶಕ್ತಿ ಅದಕ್ಕಿಲ್ಲ. ಪ್ರತಿಪಾದನೆ ಹೇಳಿದ್ದು ‘ಗಾಳಿಗಿಂತ ತಣ್ಣಗೆ’ ಅಂತ. ಶಾಖ ಒಳಗೆ ಬರದಂತೆ ತಡೆದ ಮಾತ್ರಕ್ಕೆ ನೀರು ಗಾಳಿಗಿಂತ ತಣ್ಣಗಾಗುವುದಿಲ್ಲ. ಒಳಗಿನ ಶಾಖವನ್ನು ಯಾರೋ ಹೊರಗೆ ಎಳೆದು ಹಾಕಬೇಕು.

ಎಳೆದು ಹಾಕುವುದು ಯಾರು? ಗಡಿಗೆಯ ಮೈ ಮುಟ್ಟಿ ನೋಡಿ. ಒದ್ದೆ ಇರುತ್ತದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳಿಂದ ನೀರು ಜಿನುಗಿ ಹೊರಮೈಗೆ ಬಂದು ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಅದರಲ್ಲಿ ದೊಡ್ಡ ಪಾಲು ಗಡಿಗೆಯಿಂದ, ಒಳಗಿನ ನೀರಿನಿಂದ ಹೋಗುತ್ತದೆ. 1 ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. 1 ಗ್ರಾಂ ನೀರಿನ ಬಿಸಿ 1 ಡಿಗ್ರಿ ಇಳಿಯಲು ಅದು ಕಳೆದುಕೊಳ್ಳಬೇಕಾದದ್ದು ಬರೀ 4.2 ಜೂಲ್. ಅಂದರೆ ಹೊರಗೆ ಒಂದು ಗ್ರಾಂ ಹಾರಿ ಹೋದರೆ ಒಳಗೆ ಅರ್ಧ ಲೀಟರಿಗೂ ಮೇಲ್ಪಟ್ಟ ನೀರು ಒಂದು ಡಿಗ್ರಿ ಇಳಿಯುವಷ್ಟು ಶಾಖ ಹೋಯಿತು. ಈ ಲೆಕ್ಕವನ್ನು ಪರೀಕ್ಷೆಯಲ್ಲಿ ಮಾಡಬೇಕಾಗಿಲ್ಲ. ಆದರೆ ಇಷ್ಟು ಚಿಕ್ಕ ಜಿನುಗು ಇಷ್ಟು ದೊಡ್ಡ ಕೆಲಸ ಮಾಡಬಲ್ಲದಾ ಅಂತ ಹುಡುಗರು ಕೇಳುತ್ತಾರೆ, ಅದಕ್ಕೆ ಬರೆದೆ.

ಎರಡನೇ ಪ್ರಶ್ನೆ: ಈ ಕಾರಣವನ್ನು ತೆಗೆದುಬಿಟ್ಟರೆ ಫಲ ಉಳಿಯುತ್ತದಾ? ಇದನ್ನು ನಮಗೆ ತೋರಿಸಿಕೊಟ್ಟದ್ದು ಒಬ್ಬ ಹುಡುಗ, ತನಗೇ ಗೊತ್ತಿಲ್ಲದೆ. ಒಂದು ವರ್ಷ ಕೋಣೆಯ ಕಿಟಕಿ ಚೌಕಟ್ಟಿಗೆ ಬಣ್ಣ ಹೊಡೆಸಿದ್ದೆ. ಡಬ್ಬಿಯ ತಳದಲ್ಲಿ ಸ್ವಲ್ಪ ಹಸಿರು ಎನಾಮೆಲ್ ಪೇಂಟ್ ಉಳಿದಿತ್ತು. ಚಂದ ಕಾಣಲಿ ಅಂತ ಅವನು ಅದನ್ನು ಗಡಿಗೆಗೆ ಸುತ್ತಲೂ ಬಳಿದುಬಿಟ್ಟ. ಒಣಗಿದ ಮೇಲೆ ನೀರು ತುಂಬಿಟ್ಟೆವು. ಮರುದಿನ ಮಧ್ಯಾಹ್ನ ಒಬ್ಬ ಹುಡುಗಿ ಲೋಟ ಬಾಯಿಗಿಟ್ಟು, ‘ಸರ್, ಗಡಿಗಿ ಕೆಟ್ಟೈತ್ರೀ, ನೀರು ತಣ್ಣಗ ಆಗವಲ್ದು’ ಅಂದಳು. ಗಡಿಗೆ ಅದೇ. ಮಣ್ಣು ಅದೇ, ದಪ್ಪ ಅದೇ. ಶಾಖ ತಡೆಯುವ ಗುಣ ಎಲ್ಲೂ ಹೋಗಿರಲಿಲ್ಲ. ಹೋದದ್ದು ರಂಧ್ರ ಮಾತ್ರ. ರಂಧ್ರ ಮುಚ್ಚಿತು, ತಂಪೂ ನಿಂತಿತು. ಆ ಹಸಿರು ಗಡಿಗೆಯನ್ನು ನಾನು ಎಸೆಯಲಿಲ್ಲ. ಈಗಲೂ ಕಪಾಟಿನ ಮೇಲಿದೆ, ಈ ಪಾಠದ ದಿನ ಕೆಳಗಿಳಿಯುತ್ತದೆ.

ಹಾಗಾದರೆ ಲೆಕ್ಕ ಸರಿ ಹೋಯಿತು. ‘ಮಣ್ಣು ಶಾಖ ಹಾಯಲು ಬಿಡುವುದಿಲ್ಲ’ ನಿಜ, ಆದರೆ ವಿವರಣೆ ಅಲ್ಲ. ಉತ್ತರ ಎರಡನೇ ಆಯ್ಕೆ. ‘ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತದೆ’ ಅಂತ ಕೊಟ್ಟರೆ ಮೊದಲ ಆಯ್ಕೆ.

ಇಲ್ಲಿ ಚುರುಕಾದ ಹುಡುಗರು ಒಂದು ತಕರಾರು ತೆಗೆಯುತ್ತಾರೆ. ‘ಸರ್, ಮಳೆಗಾಲದಲ್ಲಿ ಮಂಗಳೂರಿನಲ್ಲೂ ಗಡಿಗೆಗೆ ರಂಧ್ರ ಇರುತ್ತದೆ. ಅಲ್ಲಿ ನೀರು ಇಷ್ಟು ತಣ್ಣಗಾಗುವುದಿಲ್ಲ. ಕಾರಣ ಇದ್ದೂ ಫಲ ಇಲ್ಲ. ಹಾಗಾದರೆ ರಂಧ್ರವೂ ವಿವರಣೆ ಅಲ್ಲ ಅನ್ನಬೇಕಾ?’ ಒಳ್ಳೆ ತಕರಾರು. ಇದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ನನ್ನ ಮೊದಲ ಪ್ರಶ್ನೆ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ನೋಡಿ, ಮಂಗಳೂರಿನಲ್ಲಿ ಏನು ಅಡ್ಡ ಬಂತು? ಗಾಳಿಯಲ್ಲಿ ಮೊದಲೇ ತೇವ ತುಂಬಿದೆ, ಆವಿಯಾಗುವುದೇ ನಿಧಾನವಾಯಿತು. ಅಂದರೆ ಅಡ್ಡಿ ಬಂದದ್ದು ರಂಧ್ರದಿಂದ ತಂಪಿಗೆ ಹೋಗುವ ದಾರಿಯ ನಡುವೆಯೇ. ಕಾರಣದ ಕೈ ಕಟ್ಟಿ ಹಾಕಿದ್ದಾರೆ. ಥರ್ಮಾಸಿನಲ್ಲಿ ಹಾಗಲ್ಲ. ಅಲ್ಲಿ ಶಾಖ ತಡೆಯುವ ಗುಣಕ್ಕೆ ಯಾರೂ ಅಡ್ಡ ಬಂದಿಲ್ಲ. ಅದು ಪೂರ್ತಿ ಕೆಲಸ ಮಾಡಿತು, ಆದರೂ ನೀರು ತಣ್ಣಗಾಗಲಿಲ್ಲ. ಕಾರಣಕ್ಕೆ ಕೆಲಸ ಮಾಡಲು ಬಿಟ್ಟೂ ಫಲ ಬರದಿದ್ದರೆ ಅದು ಜೊತೆಗಾರ. ಕೈ ಕಟ್ಟಿ ಹಾಕಿದ್ದಕ್ಕೆ ಫಲ ಬರದಿದ್ದರೆ ಅದು ಇನ್ನೂ ಕಾರಣವೇ.

ಇನ್ನು ಕಾರಣವೇ ಪ್ರತಿಪಾದನೆಗೆ ಎದುರು ನಿಲ್ಲುವ ಪ್ರಶ್ನೆಗಳು. ಅದೇ ಗಡಿಗೆಯನ್ನು ಇಟ್ಟುಕೊಳ್ಳೋಣ. ಕಾರಣ: ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ನೀರು ನಿಧಾನವಾಗಿ ಆವಿಯಾಗುತ್ತದೆ. ಈ ಒಂದೇ ವಾಕ್ಯವನ್ನು ಎರಡು ಪ್ರತಿಪಾದನೆಗಳ ಕೆಳಗೆ ಇಟ್ಟು ನೋಡಿ.

‘ಗಡಿಗೆ ನೀರು ಗಾಳಿಯ ಬಿಸಿಗಿಂತ ಬೇಸಿಗೆಯಲ್ಲಿ ಎಷ್ಟು ಕೆಳಗಿಳಿಯುತ್ತದೋ ಮಳೆಗಾಲದಲ್ಲಿ ಅಷ್ಟು ಇಳಿಯುವುದಿಲ್ಲ’ ಅಂದರೆ ಇದು ಸರಿಯಾದ ವಿವರಣೆ. ‘ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಗಡಿಗೆ ನೀರು ಇನ್ನೂ ತಣ್ಣಗಾಗುತ್ತದೆ’ ಅಂದರೆ ಇದು ನೇರ ಎದುರಾಳಿ. ಕಾರಣ ನಿಜವಾದರೆ ಪ್ರತಿಪಾದನೆ ನಿಲ್ಲಲಾರದು. ಹೀಗೆ ಒಂದು ಇನ್ನೊಂದನ್ನು ಬೀಳಿಸುವ ಹಾಗಿದ್ದರೆ ‘ಎರಡೂ ಸರಿ’ ಅನ್ನುವ ಎರಡು ಆಯ್ಕೆಗಳನ್ನೂ ಅಲ್ಲೇ ಹೊಡೆದು ಹಾಕಿ. ಎರಡರಲ್ಲಿ ಒಂದಾದರೂ ಸುಳ್ಳು. ನಿಮಗೆ ಯಾವುದು ಖಚಿತವಾಗಿ ಗೊತ್ತೋ ಅದನ್ನು ಹಿಡಿದುಕೊಳ್ಳಿ, ಇನ್ನೊಂದು ತಾನಾಗೇ ಬೀಳುತ್ತದೆ.

ಆದರೆ ಎದುರು ಅನ್ನುವುದರಲ್ಲೂ ಇನ್ನೊಂದು ಥರ ಇದೆ. ಎರಡೂ ನಿಜ, ಆದರೆ ಕಾರಣ ಒಂದು ಕಡೆ ಎಳೆಯುತ್ತದೆ, ಪ್ರತಿಪಾದನೆ ಇನ್ನೊಂದು ಕಡೆ ಇದೆ. ಒಂದನ್ನೊಂದು ಬೀಳಿಸುವುದಿಲ್ಲ. ಇದಕ್ಕೆ ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಕಾಲುವೆಯದು.

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ ರಾಯಚೂರು ಜಿಲ್ಲೆಗೆ ಬರುತ್ತದೆ. ಉದ್ದ ಸುಮಾರು 227 ಕಿ.ಮೀ. ಮೇಲ್ಭಾಗದ ಗಂಗಾವತಿ ಕಡೆ ಗದ್ದೆ ಹಸಿರಾಗಿರುವಾಗ ಕೊನೆಯ ಭಾಗದವರು ನೀರು ಬಿಡಿ ಅಂತ ರಸ್ತೆಗೆ ಇಳಿಯುವುದನ್ನು ನೀವು ನೋಡಿರುತ್ತೀರಿ. ಪ್ರತಿಪಾದನೆ ಹೀಗಿರಲಿ: ಎಡದಂಡೆ ಕಾಲುವೆಯ ಮೇಲ್ಭಾಗಕ್ಕಿಂತ ಕೊನೆಯ ಭಾಗದ ಹೊಲಗಳಿಗೆ ನೀರು ಕಡಿಮೆ ಸಿಗುತ್ತದೆ. ಇದಕ್ಕೆ ಮೂರು ಕಾರಣ ಕೊಡುತ್ತೇನೆ. ಮೂರೂ ನಿಜ.

ಮೊದಲನೆಯದು: ಈ ಯೋಜನೆಯನ್ನು ಜಾಸ್ತಿ ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಹಂಚುವ ಉದ್ದೇಶದಿಂದ ರೂಪಿಸಲಾಗಿತ್ತು. ನಿಜ. ಬರ ಬಿದ್ದಾಗ ಬೆಳೆ ಉಳಿಸಲಿ, ಜೋಳ, ಶೇಂಗಾ, ಹತ್ತಿಯಂಥ ಬೆಳೆಗೆ ಆಸರೆಯಾಗಲಿ ಅನ್ನುವುದೇ ಮೂಲ ಲೆಕ್ಕ. ಆದರೆ ಈ ಉದ್ದೇಶ ನಡೆದಿದ್ದರೆ ಕೊನೆಯ ಭಾಗಕ್ಕೂ ನೀರು ಮುಟ್ಟಬೇಕಿತ್ತು. ಕಾರಣ ಎಳೆಯುವುದು ಪ್ರತಿಪಾದನೆಯ ಎದುರು ದಿಕ್ಕಿಗೆ. ನಡುವೆ ಯಾವ ಪದ ಸರಿ ಕೂರುತ್ತದೆ ನೋಡಿ: ‘ಎಲ್ಲರಿಗೂ ಹಂಚಲೆಂದೇ ಮಾಡಿದ್ದು, ಆದರೂ ಕೊನೆಯ ಭಾಗಕ್ಕೆ ಸಿಗುತ್ತಿಲ್ಲ.’ ‘ಆದರೂ’ ಚೆನ್ನಾಗಿ ಕೂತಿತು ಅಂದರೆ ಅದು ಎಂದಿಗೂ ವಿವರಣೆ ಅಲ್ಲ. ಎರಡೂ ನಿಜವಾದ್ದರಿಂದ ಎರಡನೇ ಆಯ್ಕೆ.

ಎರಡನೆಯದು: ಹೂಳು ತುಂಬಿದ್ದರಿಂದ ತುಂಗಭದ್ರಾ ಜಲಾಶಯದಲ್ಲಿ ಮೊದಲಿನಷ್ಟು ನೀರು ಹಿಡಿಯುವುದಿಲ್ಲ. ಇದೂ ನಿಜ. ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ಈ ಮೂರರಲ್ಲಿ ಅತಿ ಜಾಣ ಬಲೆ ಇದೇ. ನೀರಿನ ಕೊರತೆಗೆ ಹೂಳು ಕಾರಣ ಹೌದಲ್ಲ ಅನಿಸುತ್ತದೆ. ಹೌದು, ಕೊರತೆಗೆ ಕಾರಣ. ಆದರೆ ಪ್ರತಿಪಾದನೆ ಬರೀ ಕೊರತೆ ಅನ್ನಲಿಲ್ಲ. ‘ಮೇಲ್ಭಾಗಕ್ಕಿಂತ ಕೊನೆಯ ಭಾಗಕ್ಕೆ’ ಅಂದಿದೆ. ಹೂಳು ತುಂಬಿದರೆ ಎಲ್ಲರಿಗೂ ಕಡಿಮೆಯಾಗಬೇಕು. ಕೊನೆಯವರಿಗೇ ಯಾಕೆ ಜಾಸ್ತಿ ಪೆಟ್ಟು? ಅದಕ್ಕೆ ಹೂಳು ಉತ್ತರ ಕೊಡುವುದಿಲ್ಲ. ಹಾಗಾಗಿ ಇದೂ ಎರಡನೇ ಆಯ್ಕೆ.

ಇಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ರತಿಪಾದನೆಯಲ್ಲಿ ಭಾರ ಯಾವ ಪದದ ಮೇಲಿದೆಯೋ ಅದರ ಕೆಳಗೆ ಗೆರೆ ಎಳೆಯಿರಿ. ಗಡಿಗೆಯಲ್ಲಿ ಅದು ‘ಗಾಳಿಗಿಂತ’. ಕಾಲುವೆಯಲ್ಲಿ ಅದು ‘ಮೇಲ್ಭಾಗಕ್ಕಿಂತ’. ಕಾರಣ ಆ ಗೆರೆ ಎಳೆದ ಪದಕ್ಕೆ ಉತ್ತರ ಕೊಡಬೇಕು. ಪಕ್ಕದ ಪದಕ್ಕೆ ಕೊಟ್ಟರೆ ಸಾಲದು. ಪ್ರಶ್ನೆ ತೆಗೆಯುವವರು ನಿಮ್ಮನ್ನು ಕೆಡವುವುದೇ ಈ ಪಕ್ಕದ ಪದಕ್ಕೆ ಉತ್ತರ ಕೊಟ್ಟು.

ಮೂರನೆಯದು: ಮೇಲ್ಭಾಗದ ರೈತರಲ್ಲಿ ಬಹಳ ಜನ ಭತ್ತ ಬೆಳೆಯುತ್ತಾರೆ. ಈಗ ಗೆರೆಯ ಪದಕ್ಕೆ ಉತ್ತರ ಸಿಕ್ಕಿತು. ಭತ್ತಕ್ಕೆ ಜೋಳಕ್ಕಿಂತ ಎರಡು ಪಟ್ಟಿಗೂ ಮೇಲ್ಪಟ್ಟು ನೀರು ಬೇಕು. ನೀರು ಮೊದಲು ಹಾಯುವುದು ಮೇಲ್ಭಾಗದಲ್ಲಿ. ಅಲ್ಲೇ ಎಳೆದುಕೊಂಡರೆ ಕೆಳಗೆ ಉಳಿಯುವುದು ಕಡಿಮೆ. ಗಮನಿಸಿ, ಈ ನಡುವಿನ ಕೊಂಡಿಗಳು ಪ್ರಶ್ನೆಯಲ್ಲಿ ಇಲ್ಲ. ನಾವು ತುಂಬಿದ್ದು. ಅದು ಸರಿಯಾ? ಸರಿ. ಎಲ್ಲ ಕೊಂಡಿಯನ್ನೂ ಪ್ರಶ್ನೆಯಲ್ಲೇ ಕೊಡುವುದಿಲ್ಲ. ಆದರೆ ನೀವು ತುಂಬುವ ಕೊಂಡಿ ಎಲ್ಲರಿಗೂ ಗೊತ್ತಿರುವಂಥದ್ದಾಗಿರಬೇಕು, ಒಂದೋ ಎರಡೋ ಇರಬೇಕು. ನಾಲ್ಕು, ಐದು ಕೊಂಡಿ ಜೋಡಿಸಿದ ಮೇಲಷ್ಟೇ ಕಾರಣ ಪ್ರತಿಪಾದನೆಗೆ ಮುಟ್ಟುತ್ತದೆ ಅಂದರೆ ಆ ವಿವರಣೆ ಕಟ್ಟಿದ್ದು ನೀವು, ಪ್ರಶ್ನೆ ತೆಗೆದವರಲ್ಲ.

‘ಆದರೆ ಸರ್, ಕೊನೆಯ ಭಾಗಕ್ಕೆ ನೀರು ಬರದಿರಲು ಬೇರೆ ಕಾರಣಗಳೂ ಇವೆ’ ಅಂತ ನೀವು ಕೇಳಬಹುದು. ಇವೆ. ಕಾಲುವೆಯಲ್ಲಿ ಸೋರಿಕೆ ಇದೆ, ನಡುವೆ ಪಂಪು ಹಾಕಿ ಎತ್ತುವವರಿದ್ದಾರೆ. ಆಯ್ಕೆಯ ಮಾತು ‘ಸರಿಯಾದ ವಿವರಣೆ’ ಅಂತಿದೆ, ‘ಒಂದೇ ವಿವರಣೆ’ ಅಂತಿಲ್ಲ. ಮುಖ್ಯ ಕಾರಣಗಳಲ್ಲಿ ಒಂದಾದರೆ ಸಾಕು. ಆದರೆ ಕಾರಣದ ವಾಕ್ಯದಲ್ಲೇ ‘ಮಾತ್ರ’ ಅಂತ ಹಾಕಿ, ‘ಭತ್ತ ಬೆಳೆಯುವುದರಿಂದ ಮಾತ್ರ’ ಅಂದಿದ್ದರೆ ಆ ವಾಕ್ಯವೇ ಸುಳ್ಳಾಗುತ್ತದೆ. ಆಗ ವಿವರಣೆಯ ತನಕ ಹೋಗುವ ಪ್ರಶ್ನೆಯೇ ಇಲ್ಲ.

ಈ ಕೊನೆಯ ಮಾತು ನೀವು ಕೇಳದೆ ಇದ್ದದ್ದು, ಆದರೂ ಹೇಳುತ್ತೇನೆ. ಎರಡೂ ಸರಿ ಅನ್ನೋದು ಗೊತ್ತಾಗುತ್ತೆ ಅಂತ ಬರೆದಿದ್ದೀರಿ. ಅಲ್ಲೂ ಒಂದು ಗುಂಡಿ ಇದೆ. ವಿವರಣೆ ಚಂದ ಕೂಡಿದರೆ ಸುಳ್ಳು ವಾಕ್ಯವೂ ನಿಜ ಅನಿಸಿಬಿಡುತ್ತದೆ. ಪ್ರತಿಪಾದನೆ: ಬಳ್ಳಾರಿ ಜಿಲ್ಲೆಗೆ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಸಿಗುತ್ತದೆ. ಕಾರಣ: 1948ರಲ್ಲಿ ಬಳ್ಳಾರಿ ಹೈದರಾಬಾದ್ ಸಂಸ್ಥಾನದಲ್ಲಿತ್ತು. ‘ಹೈದರಾಬಾದ್ ಕರ್ನಾಟಕ’ ಅನ್ನುವ ಹೆಸರು ಕಿವಿಯಲ್ಲಿ ಇರುವುದರಿಂದ ತಲೆ ತಾನೇ ಹೌದು ಅನ್ನುತ್ತದೆ. ಪ್ರತಿಪಾದನೆ ನಿಜ. ಆದರೆ ಬಳ್ಳಾರಿಯನ್ನು ನಿಜಾಮ 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ. 1948ರಲ್ಲಿ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ರಾಯಚೂರು, ಕೊಪ್ಪಳದ ಕಥೆ ಬೇರೆ, ಬಳ್ಳಾರಿಯದು ಬೇರೆ. ಕಾರಣ ಸುಳ್ಳು, ಮೂರನೇ ಆಯ್ಕೆ. ರಾಯಚೂರಿನಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇದೆ, ಏಕೆಂದರೆ ಇಲ್ಲಿ ಕಲ್ಲಿದ್ದಲಿನ ಗಣಿಗಳಿವೆ ಅನ್ನುವುದೂ ಇದೇ ಜಾತಿ. ನಮ್ಮ ಜಿಲ್ಲೆಯಲ್ಲಿ ಹಟ್ಟಿಯಲ್ಲಿ ಚಿನ್ನ ಇದೆ, ಕಲ್ಲಿದ್ದಲು ಇಲ್ಲ. ಅದು ಹೊರಗಿನಿಂದ ರೈಲಿನಲ್ಲಿ ಬರುತ್ತದೆ.

ಅದಕ್ಕೆ ಪರೀಕ್ಷೆಯಲ್ಲಿ ಮೊದಲು ಕಾರಣವನ್ನು ಕೈಯಿಂದ ಮುಚ್ಚಿ. ಪ್ರತಿಪಾದನೆ ಒಂದನ್ನೇ ಓದಿ ಸರಿ ಅಥವಾ ತಪ್ಪು ಅಂತ ಗುರುತು ಹಾಕಿ. ಆಮೇಲೆ ಅದನ್ನು ಮುಚ್ಚಿ ಕಾರಣ ಒಂದನ್ನೇ ಓದಿ. ಎರಡಕ್ಕೂ ಸರಿ ಬಿದ್ದರೆ ಮಾತ್ರ ಜೋಡಿಸುವ ಕೆಲಸ. ಒಟ್ಟಿಗೆ ಓದಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಆಯ್ಕೆಗಳ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ. ಕೆಲವು ಪತ್ರಿಕೆಗಳಲ್ಲಿ ನಾಲ್ಕನೆಯದು ‘ಪ್ರತಿಪಾದನೆ ತಪ್ಪು, ಕಾರಣ ಸರಿ’ ಅಂತಿರುತ್ತದೆ, ಕೆಲವದರಲ್ಲಿ ‘ಎರಡೂ ತಪ್ಪು’ ಅಂತಿರುತ್ತದೆ.

‘ಗುರುತು ಬೇರೆ, ಕಾರಣ ಬೇರೆ’ ಅಂತ ಶುರುವಿನಲ್ಲಿ ಹೇಳಿದೆ. ಅದಕ್ಕೂ ಒಂದು ಮಿತಿ ಇದೆ. ಇತಿಹಾಸದ ಪ್ರಶ್ನೆಗಳಲ್ಲಿ ಬೇಕಾಗುತ್ತದೆ. ಪ್ರತಿಪಾದನೆ: ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಅನ್ನುವುದು ಮಸ್ಕಿ ಶಾಸನದಿಂದ ಖಚಿತವಾಯಿತು. ಕಾರಣ: ಮಸ್ಕಿ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಬೇರೆ ಬಹುತೇಕ ಶಾಸನಗಳಲ್ಲಿ ಬಿರುದು ಮಾತ್ರ ಇರುತ್ತದೆ. ಹೆಸರು ಅನ್ನುವುದು ಇಲ್ಲಿ ಗುರುತು, ಅಲ್ವಾ? ಹಾಗಂತ ಎರಡನೇ ಆಯ್ಕೆ ಹಾಕಿದರೆ ತಪ್ಪು. ಯಾಕಂದರೆ ಈ ಪ್ರತಿಪಾದನೆ ಏನಾಯಿತು ಅಂತ ಹೇಳುತ್ತಿಲ್ಲ, ನಮಗೆ ಹೇಗೆ ತಿಳಿಯಿತು ಅಂತ ಹೇಳುತ್ತಿದೆ. ತಿಳಿದದ್ದಕ್ಕೆ ಗುರುತೇ ಕಾರಣ. ‘ಹೆಸರು ಇದ್ದದ್ದರಿಂದ ಖಚಿತವಾಯಿತು’ ಅಂತ ತಿರುಗಿಸಿ ಓದಿದರೂ ಸಲೀಸಾಗಿ ಬರುತ್ತದೆ. ಖಚಿತವಾಯಿತು, ಗುರುತಿಸಿದರು, ಪತ್ತೆಯಾಯಿತು ಅನ್ನುವ ಪದ ಪ್ರತಿಪಾದನೆಯಲ್ಲಿ ಕಂಡರೆ ಇದು ನೆನಪಿರಲಿ. ಇದರ ಕೆಳಗೆ ‘ಮಸ್ಕಿ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಪತ್ತೆ ಮಾಡಿದರು’ ಅಂತ ಕೊಟ್ಟರೆ ಅದೂ ನಿಜವೇ, ಆದರೆ ಯಾರು ಹುಡುಕಿದರು ಅನ್ನುವುದರಿಂದ ದೇವಾನಾಂಪ್ರಿಯ ಯಾರು ಅಂತ ತಿಳಿಯುವುದಿಲ್ಲ. ಬರೀ ಜೊತೆಗಾರ.

ಇಷ್ಟೆಲ್ಲ ಮಾಡಿದರೂ ಕೆಲವು ಪ್ರಶ್ನೆಗಳು ಜಗಳಕ್ಕೇ ಹುಟ್ಟಿರುತ್ತವೆ. ಕಾರಣ ಅರ್ಧ ವಿವರಿಸುತ್ತದೆ, ಅರ್ಧ ಇಲ್ಲ. ಅಂಥ ಕಡೆ ನಾನು ಪಠ್ಯಪುಸ್ತಕದ ಮಾತಿಗೆ ಹೋಗುತ್ತೇನೆ. ಪುಸ್ತಕದಲ್ಲಿ ಆ ಎರಡು ಮಾತುಗಳನ್ನು ‘ಆದ್ದರಿಂದ’, ‘ಇದರಿಂದಾಗಿ’ ಅಂತ ಜೋಡಿಸಿದ್ದರೆ ಮೊದಲ ಆಯ್ಕೆ. ಎರಡು ಬೇರೆ ಪ್ಯಾರಾಗಳಲ್ಲಿ ಬೇರೆ ಬೇರೆ ವಿಷಯವಾಗಿ ಬಂದಿದ್ದರೆ ಎರಡನೆಯದು. ಪ್ರಶ್ನೆ ತೆಗೆಯುವವರಲ್ಲಿ ಬಹಳ ಜನ ಪುಸ್ತಕ ತೆರೆದಿಟ್ಟುಕೊಂಡೇ ವಾಕ್ಯ ಆರಿಸುತ್ತಾರೆ. ಕೀ ಉತ್ತರ ಬಂದ ಮೇಲೆ ಆಕ್ಷೇಪಣೆ ಹಾಕುವುದಿದ್ದರೂ ಕೈಯಲ್ಲಿ ಬೇಕಾಗುವುದು ಆ ಪುಟದ ಸಂಖ್ಯೆಯೇ. ‘ನನಗೆ ಹಾಗೆ ಅನಿಸಿತು’ ಅಂತ ಬರೆದರೆ ಯಾರೂ ನೋಡುವುದಿಲ್ಲ.

ಅಭ್ಯಾಸಕ್ಕೆ ಹಳೆ ಪತ್ರಿಕೆ ಬಿಡಿಸುವುದಕ್ಕಿಂತ ಪ್ರಶ್ನೆ ನೀವೇ ತೆಗೆಯುವುದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಒಂದು ಪ್ರತಿಪಾದನೆ ತೆಗೆದುಕೊಳ್ಳಿ. ಅದಕ್ಕೆ ಮೂರು ನಿಜ ವಾಕ್ಯ ಬರೆಯಿರಿ: ಒಂದು ‘ದ್ದರಿಂದ’ಕ್ಕೆ ಕೂರುವುದು, ಒಂದು ‘ಜೊತೆಗೆ’ ಅನ್ನುವುದಕ್ಕೆ ಕೂರುವುದು, ಒಂದು ‘ಆದರೂ’ಗೆ ಕೂರುವುದು. ‘ಎರೆ ಹೊಲದಲ್ಲಿ ಹಿಂಗಾರಿ ಜೋಳ ಮಳೆ ನಿಂತ ಮೇಲೂ ಬೆಳೆಯುತ್ತದೆ’ ಅನ್ನುವುದರಿಂದ ಶುರು ಮಾಡಿ. ಮಣ್ಣಿನ ಕಪ್ಪು ಬಣ್ಣ, ಮಣ್ಣು ಹಿಡಿದಿಟ್ಟುಕೊಂಡ ತೇವ, ಚಳಿಗಾಲದ ಒಣ ಹವೆ. ಮೂರೂ ನಿಮ್ಮ ಹೊಲದಲ್ಲೇ ಇವೆ. ಯಾವುದು ಎಲ್ಲಿ ಕೂರುತ್ತದೆ ನೋಡಿ ಬರೆದು ಕಳಿಸಿ.